ಇಬ್ರೂ ಬಿಡಂಗಿಲ್ಲ ಅಂದ್ರ?

ನಮ್ಮ ಇಬ್ಬರು ಸೀನಿಯರ್‌ಗಳ ಕಥೆ ಇದು. ಅವನು ಆದಿತ್ಯನಗರದ ಸಿಮೆಂಟ್ ಕಾಲೊನಿಯಲ್ಲಿ ಬೆಳೆದವನು, ಅವಳು ಪಕ್ಕದ ಮಳಖೇಡದವಳು. ಅವನಿಗೆ ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಕೆಲಸ ಸಿಕ್ಕಿತು. ಅವಳಿಗೆ 371(ಜೆ) ಮೀಸಲಾತಿಯಲ್ಲಿ ಸೇಡಂನಲ್ಲೇ ಜೂನಿಯರ್ ಇಂಜಿನಿಯರ್ ಹುದ್ದೆ ಸಿಕ್ಕಿತು. ಮನೇಲಿ ತೊಗರಿ ಹೊಲ, ಮೊಣಕಾಲು ನೋವಿನ ಅವ್ವ.

"ನೌಕರಿ ಎಲ್ಲೆರ ಸಿಗ್ತದ, ಊರು ಸಿಗಂಗಿಲ್ಲ" ಅಂತ ಅವಳು. "ಅಪ್ಪ ರಿಟೈರ್ ಆದ್ಮ್ಯಾಲ ಕ್ವಾರ್ಟರ್ಸ್ ಕೀಲಿ ವಾಪಸ್ ಕೊಟ್ವಿ. ನನಗ ಊರು ಎಲ್ಲದ?" ಅಂತ ಅವನು. ನಮಗೆ ಇಬ್ಬರದೂ ಸರಿ ಅನಿಸಿತು.

ಹಾಗಾದರೆ ಯಾರು ಬಿಡಬೇಕು? ನಮ್ಮ ಮನೆಗಳಲ್ಲಿ ಉತ್ತರ ರೆಡಿ ಇರ್ತದೆ: ಹುಡುಗಿ. ಆದರೆ 1978ರಲ್ಲೇ ದೆಹಲಿ ಹೈಕೋರ್ಟ್ ಸ್ವರಾಜ್ ಗರ್ಗ್ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಹೆಂಡತಿ ಪಂಜಾಬಿನ ಸುನಾಮ್‌ನಲ್ಲಿ ಮದುವೆಗೆ ಮೊದಲಿನಿಂದಲೂ ಶಿಕ್ಷಕಿ, ಗಂಡ ದೆಹಲಿಯಲ್ಲಿ. ಆಕೆ ಕೆಲಸ ಬಿಟ್ಟು ಬರಲೇಬೇಕೆಂಬ ಗಂಡನ ವಾದ ನಿಲ್ಲಲಿಲ್ಲ. ಸಂಸಾರ ಎಲ್ಲಿ ಹೂಡಬೇಕೆಂಬುದನ್ನು ಇಬ್ಬರೂ ಕೂಡಿ ತೀರ್ಮಾನಿಸಬೇಕು, ಯಾರೊಬ್ಬರಿಗೂ ನಿರ್ಣಾಯಕ ಮತವಿಲ್ಲ ಎಂದಿತು ಕೋರ್ಟು.

ಮತ ಇಲ್ಲದಿದ್ದರೆ ಲೆಕ್ಕವಾದರೂ ಹಾಕಬೇಕಲ್ಲ. ಪಗಾರ ಹೋಲಿಸುವುದಕ್ಕಿಂತ ಮೊದಲು, ಯಾವ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂದು ಕೇಳಬೇಕು ಅಂತೀವಿ ನಾವು. ಅವಳದು ಸ್ಥಳೀಯ ವೃಂದದ ಹುದ್ದೆ, ಬೆಂಗಳೂರಿಗೆ ವರ್ಗಾವಣೆ ಸುಲಭವಲ್ಲ. ರಾಜೀನಾಮೆ ಕೊಟ್ಟರೆ ಮತ್ತೆ ಪರೀಕ್ಷೆ ಬರೆಯಬೇಕು, ಅಷ್ಟರಲ್ಲಿ ವಯಸ್ಸು ಮೀರಬಹುದು. ಅವನ ಕೆಲಸ ನಮ್ಮ ಕಡೆ ಇಲ್ಲವೇ ಇಲ್ಲ. ಇಲ್ಲಿ ಸುಣ್ಣದ ಕಲ್ಲಿದೆ, ಅದಕ್ಕೇ ಸಿಮೆಂಟ್ ಫ್ಯಾಕ್ಟರಿ ಇವೆ. ಚಿಪ್ ಕಂಪನಿ ಇರುವುದು ಬೆಂಗಳೂರಲ್ಲಿ. ಆದರೆ ಮೂರ್ನಾಲ್ಕು ವರ್ಷ ಅನುಭವ ಆದಮೇಲೆ ಮನೆಯಿಂದ ಕೆಲಸ ಕೇಳುವ ತಾಕತ್ತು ಅವನಿಗೆ ಬರಬಹುದು. ಹೊಸಬನಿಗೆ ಅದನ್ನು ಯಾರೂ ಕೊಡಲ್ಲ.

ಹಾಗಾಗಿ ಅವರು ಮೂರು ವರ್ಷದ ಗಡುವು ಹಾಕಿಕೊಂಡರು. ಅವನು ಬೆಂಗಳೂರಲ್ಲಿ, ಅವಳು ಸೇಡಂನಲ್ಲಿ. ತಿಂಗಳಿಗೆ ಎರಡು ಸಲ ಅವನು ರಾತ್ರಿ ರೈಲಿಗೆ ವಾಡಿಗೆ ಬರ್ತಾನೆ, ಒಂದು ಸಲ ಅವಳು ಹೋಗ್ತಾಳೆ. ಟಿಕೆಟ್ ಖರ್ಚು ಅರ್ಧರ್ಧ. ಗಡುವಿನ ತಾರೀಖು ಇಬ್ಬರ ಫೋನಿನಲ್ಲೂ ಇದೆ. "ಸದ್ಯಕ್ಕ ಹಿಂಗೇ ಇರಲಿ" ಅಂತ ತಾರೀಖಿಲ್ಲದೆ ಬಿಟ್ಟಿದ್ದರೆ ಅದೇ ಖಾಯಂ ಆಗಿಬಿಡುತ್ತಿತ್ತು.

ಇದು ಪರಿಹಾರವಲ್ಲ, ಮುಂದೂಡಿಕೆ ಎನ್ನಬಹುದು. ಹೌದು. ಮೂರು ವರ್ಷದ ನಂತರವೂ ಇಬ್ಬರೂ "ಬಿಡಂಗಿಲ್ಲ" ಅಂದರೆ? ಆಗ ಮದುವೆಗೆ ಮೊದಲೇ ಬೇರೆಯಾಗುವುದು ಸೋಲಲ್ಲ. "ನಿನ್ನ ಸಲುವಾಗಿ ಎಲ್ಲಾ ಬಿಟ್ಟೀನಿ" ಅನ್ನೋ ಮಾತನ್ನು ಮೂವತ್ತು ವರ್ಷ ಕೇಳೋದಕ್ಕಿಂತ ಅದು ವಾಸಿ.