ಪ್ರಾಂಪ್ಟ್‌ಗೂ ಬೇಕು ಉಡುಪಿನ ಅಳತೆ

2025ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ತುಂಬ ಸೀರೆಯ ಚಿತ್ರಗಳು ಹರಿದಾಡಿದವು. ಗೂಗಲ್‌ನ ಜೆಮಿನಿ ಆ್ಯಪ್‌ನಲ್ಲಿದ್ದ ‘ನ್ಯಾನೊ ಬನಾನಾ’ಗೆ ಹೆಣ್ಣುಮಕ್ಕಳು ತಮ್ಮ ಫೋಟೊ ಕೊಟ್ಟು, ಹಳೆಯ ಹಿಂದಿ ಸಿನಿಮಾದ ನಾಯಕಿಯಂತೆ ಮಾಡಿಸಿಕೊಂಡ ಚಿತ್ರಗಳವು. ಬಹಳ ಮಂದಿ ಪ್ರಾಂಪ್ಟನ್ನು ತಾವೇ ಬರೆಯಲಿಲ್ಲ. ಯಾರೋ ಹಂಚಿದ್ದನ್ನು ಹಾಗೆಯೇ ಅಂಟಿಸಿದರು. ಹೀಗೆ ಕೈಯಿಂದ ಕೈಗೆ ಹೋದ ಕೆಲವು ಪ್ರಾಂಪ್ಟ್‌ಗಳಲ್ಲಿ ‘ಪಾರದರ್ಶಕ ಸೀರೆ’, ‘ಮೈಗೊಪ್ಪುವ ರವಿಕೆ’ ಎಂಬ ಅರ್ಥದ ಮಾತುಗಳು ಇಂಗ್ಲಿಷಿನಲ್ಲಿದ್ದವು. ಮನೆಯಲ್ಲಿ ಎಂದೂ ಹಾಗೆ ಉಡದವರ ಮೇಲೂ ಆ ಉಡುಪು ಬಂದು ಕೂತಿತು.

ಆ ಅಲೆ ಇಳಿದರೂ ಅಭ್ಯಾಸ ಉಳಿದಿದೆ. ಕಡರನಾಯಕನಹಳ್ಳಿಯ ಒಂದು ಮನೆಯವರು ಸೊಸೆಯ ಸೀಮಂತಕ್ಕೆ ಬ್ಯಾನರ್ ಮಾಡಿಸಲು ಹರಿಹರಕ್ಕೋ ದಾವಣಗೆರೆಗೋ ಬಂದರೆಂದು ಇಟ್ಟುಕೊಳ್ಳೋಣ. ‘ಸೀರೆ ಮರ್ಯಾದೆಯಾಗಿ ಕಾಣಬೇಕು’ ಎಂದು ಅತ್ತೆ ಹೇಳುತ್ತಾರೆ. ಡಿಸೈನರ್ ಅದನ್ನೇ ಟೈಪ್ ಮಾಡುತ್ತಾನೆ. ಬಂದ ಚಿತ್ರದಲ್ಲಿ ತೋಳು ಗಿಡ್ಡ, ರವಿಕೆ ಬಿಗಿ, ಸೊಂಟದ ಪಕ್ಕ ಮೈ ಕಾಣುತ್ತಿದೆ.

ಯಂತ್ರ ಹಟ ಮಾಡಿದ್ದಲ್ಲ. ಅದು ಕಲಿತಿರುವುದು ಚಿತ್ರಗಳಿಂದ ಮತ್ತು ಅವುಗಳ ಜೊತೆಗಿದ್ದ ಬರಹದಿಂದ. ಅಂತರ್ಜಾಲದ ಸೀರೆಯ ಚಿತ್ರಗಳಲ್ಲಿ ಜಾಹೀರಾತು, ಸಿನಿಮಾ, ಫ್ಯಾಷನ್ ಫೋಟೊಗಳ ಪಾಲು ದೊಡ್ಡದು. ಅಲ್ಲಿ ‘ಮರ್ಯಾದೆ’ ಎಂಬುದಕ್ಕೆ ಗೊತ್ತಾದ ಆಕಾರವಿಲ್ಲ. ‘ಮೊಣಕೈ ದಾಟಿದ ತೋಳು’ ಎಂಬುದಕ್ಕೆ ಇದೆ. ಮೇಲಾಗಿ ಮರ್ಯಾದೆಯ ಗೆರೆ ಮನೆಯಿಂದ ಮನೆಗೆ ಬೇರೆ. ಒಬ್ಬರಿಗೆ ಸೆರಗು ತಲೆಯ ಮೇಲಿರಬೇಕು, ಮತ್ತೊಬ್ಬರಿಗೆ ಭುಜ ಮುಚ್ಚಿದರೆ ಸಾಕು.

‘ಮರ್ಯಾದೆ’ ಎಂದಷ್ಟೇ ಬರೆದದ್ದು ಮೊದಲ ತಪ್ಪು; ಎರಡನೇ ತಪ್ಪು ತಿದ್ದುವಾಗ ಆಗುತ್ತದೆ. ‘ಸೊಂಟ ಕಾಣಬಾರದು, ಬಿಗಿ ಬೇಡ’ ಎಂದು ಬರೆದರೆ ಕೆಲವೊಮ್ಮೆ ಅದೇ ಮತ್ತೆ ಬರುತ್ತದೆ. ಚಿತ್ರದ ಅಡಿಬರಹ ಇರುವುದನ್ನು ಹೇಳುತ್ತದೆ, ಇಲ್ಲದ್ದನ್ನು ಹೇಳುವುದು ಅಪರೂಪ. ಹೀಗಾಗಿ ಚಿತ್ರ ಮತ್ತು ಮಾತನ್ನು ಬೆಸೆಯುವ ಮಾದರಿಗಳು ‘ಇಲ್ಲ’, ‘ಬೇಡ’ಗಳಲ್ಲಿ ಎಡವುತ್ತವೆ. ಎಂಐಟಿಯ ಸಂಶೋಧಕರು 2025ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಸ್ಟೇಬಲ್ ಡಿಫ್ಯೂಷನ್ ಬಳಸುವ ತಂತ್ರಾಂಶಗಳಲ್ಲಿ ಬೇಡದ್ದನ್ನು ಬರೆಯಲು `Negative prompt` ಎಂಬ ಬೇರೆ ಜಾಗವೇ ಇದೆ. ಮಾತಿನಂತೆ ಬರೆಯುವ ಹೊಸ ಆ್ಯಪ್‌ಗಳು ಸುಧಾರಿಸಿವೆ. ಆದರೂ ಬೇಕಾದ್ದನ್ನೇ ಹೇಳುವುದು ಹೆಚ್ಚು ಭದ್ರ.

ಹಾಗಾದರೆ ಟೈಲರ್ ಅಳತೆ ಬರೆದುಕೊಳ್ಳುವ ಕ್ರಮವೇ ಇಲ್ಲಿಗೂ ಆಗುತ್ತದೆ: ಕೊರಳು, ತೋಳು, ಉದ್ದ, ಸಡಿಲು, ಬಟ್ಟೆಯ ದಪ್ಪ. ಸೀಮಂತದ ಚಿತ್ರಕ್ಕೆ ಹೀಗೆ ಬರೆಯಬಹುದು:

```
ಮುಖ, ಮೈಬಣ್ಣ, ಮೈಕಟ್ಟು ಫೋಟೊದಲ್ಲಿರುವಂತೆಯೇ ಇರಲಿ.
ದಟ್ಟ ನೇಯ್ಗೆಯ ಹಸಿರು ಹತ್ತಿ ಸೀರೆ, ಪಾದದವರೆಗೆ.
ರವಿಕೆ: ಕತ್ತಿನ ಬುಡದವರೆಗೆ ಕೊರಳು, ಮೊಣಕೈ ದಾಟಿದ ತೋಳು,
ಸೊಂಟದವರೆಗೆ ಉದ್ದ, ಸಡಿಲ ಹೊಲಿಗೆ.
ಸೆರಗು ಎರಡೂ ಭುಜ ಮುಚ್ಚಿ ಮುಂದಕ್ಕೆ ಬಂದಿರಲಿ.
ಕುರ್ಚಿಯಲ್ಲಿ ನೇರ ಕುಳಿತ ಭಂಗಿ, ಹಗಲ ಬೆಳಕು.
```

ಕೊನೆಯ ಸಾಲನ್ನು ಕೈಬಿಡುವಂತಿಲ್ಲ. ‘ಗಾಳಿಗೆ ಹಾರುವ ಸೆರಗು’, ‘ಗ್ಲಾಮರ್’, ‘ಫ್ಯಾಷನ್ ಶೂಟ್’ ಎಂಬ ಒಂದೇ ಮಾತು ಸೇರಿದರೂ ಮೇಲಿನ ಅಳತೆಗಳೆಲ್ಲ ಸಡಿಲಬಹುದು. ಆ ಪದಗಳು ತಮ್ಮದೇ ಬಗೆಯ ಉಡುಪನ್ನು ಜೊತೆಗೆ ಎಳೆದುಕೊಂಡು ಬರುತ್ತವೆ.

ಚಿತ್ರ ಬಂದ ಮೇಲೆ ದೊಡ್ಡದು ಮಾಡಿ ನಾಲ್ಕು ಜಾಗ ನೋಡಬೇಕು: ಕತ್ತು, ತೋಳಿನ ತುದಿ, ರವಿಕೆ ಸೀರೆ ಸೇರುವ ಅಂಚು, ಬೆಳಕು ಬಿದ್ದಲ್ಲಿ ಬಟ್ಟೆ. ಹೆಚ್ಚಾಗಿ ಕೈಕೊಡುವುದು ಮೂರನೆಯದು. ಆಗ ಇಡೀ ಪ್ರಾಂಪ್ಟ್ ಬದಲಿಸದೆ, ‘ರವಿಕೆಯ ಅಂಚು ಸೀರೆಯ ಒಳಗೆ ಸೇರಿರಲಿ, ಉಳಿದದ್ದು ಇದ್ದಂತೆ ಇರಲಿ’ ಎಂಬ ಒಂದೇ ತಿದ್ದುಪಡಿ ಕೊಟ್ಟು ನೋಡುವುದು ಮೇಲು. ಒಮ್ಮೆಗೇ ಐದಾರು ತಿದ್ದಿದರೆ ಯಾವ ಮಾತು ಕೆಲಸ ಮಾಡಿತೆಂಬುದು ತಿಳಿಯುವುದಿಲ್ಲ, ಮುಖವೂ ಬದಲಾದೀತು.

ಇಲ್ಲಿಗೆ ತಂತ್ರ ಮುಗಿಯಿತು; ಆ ಅಳತೆ ಹೇಳಬೇಕಾದವರು ಯಾರು ಎಂಬ ಪ್ರಶ್ನೆ ಉಳಿಯಿತು. ಹೆಸರು ನೋಡಿ ಡಿಸೈನರ್ ಧರ್ಮ ಊಹಿಸಿ, ಧರ್ಮದಿಂದ ಉಡುಪು ಊಹಿಸುವುದು ತೀರಾ ಸುಲಭ. ಯಂತ್ರವೂ ಅದನ್ನೇ ಮಾಡುತ್ತದೆ. ‘ಮುಸ್ಲಿಂ ಹುಡುಗಿ’ ಎಂದಷ್ಟೇ ಬರೆದರೆ ಹಿಜಾಬ್ ತಾನಾಗಿ ಬರಬಹುದು, ಆಕೆ ಅದನ್ನು ತೊಡದವಳಾದರೂ. ತೊಡುವವಳಾದರೆ, ಅಂಚಿನಲ್ಲಿ ಕೂದಲು ಹೊರಗೆ ಬಂದ ಚಿತ್ರ ಬರಬಹುದು; ಅದು ಆಕೆಗೆ ಸಣ್ಣ ತಪ್ಪಲ್ಲ. ಪ್ರಾಂಪ್ಟ್‌ನಲ್ಲಿ ಧರ್ಮದ ಹೆಸರಿಗಿಂತ ‘ಕೂದಲು, ಕಿವಿ, ಕತ್ತು ಪೂರ್ತಿ ಮುಚ್ಚಿದ ಹಿಜಾಬ್, ಮಂಡಿಯ ಕೆಳಗಿನವರೆಗೆ ಸಡಿಲ ಕುರ್ತಾ, ಮಣಿಕಟ್ಟಿನವರೆಗೆ ತೋಳು’ ಎಂಬ ವಿವರ ಹೆಚ್ಚು ನಿಖರ, ಹೆಚ್ಚು ಗೌರವದ್ದು.

ಆ ವಿವರ ಫೋಟೊದಲ್ಲಿರುವವಳ ಬಾಯಿಂದ ಬರಬೇಕು. ಅತ್ತೆ, ಗಂಡ, ಅಣ್ಣ ಅಂಗಡಿಗೆ ಬಂದಿರಬಹುದು. ಗೋಡೆಗೆ ಏರುವ ಮುಖ ಆಕೆಯದು. ಮನೆಯವರ ಇಷ್ಟ, ಆಕೆಯ ಇಷ್ಟ ಒಂದೇ ಇದ್ದರೆ ಒಂದು ಫೋನ್ ಕರೆಯಲ್ಲಿ ಗೊತ್ತಾಗುತ್ತದೆ, ಬೇರೆ ಇದ್ದರೂ ಅದೇ ಕರೆಯಲ್ಲಿ ಗೊತ್ತಾಗುತ್ತದೆ. ಫ್ಲೆಕ್ಸ್ ಅಂಗಡಿಗಳು ಹೆಸರು, ತಾರೀಖು, ಸೈಜ್ ಬರೆದುಕೊಳ್ಳುವ ಚೀಟಿಯಲ್ಲೇ ತಲೆ, ಕೊರಳು, ತೋಳು, ಉದ್ದ ಎಂಬ ನಾಲ್ಕು ಖಾನೆ ಸೇರಿಸಲಿ. ಪ್ರಿಂಟಿಗೆ ಹಾಕುವ ಮುನ್ನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಆಕೆಗೇ ಕಳಿಸಿ, ‘ಹೂಂ’ ಅನ್ನಿಸಿಕೊಳ್ಳಲಿ.