ಚಿತ್ರಕ್ಕೊಂದು ಮಾತು: ಏಳು ಹಳದಿ ಮೋರೆಗಳು

ಈ ಸಲ ನಮ್ಮ ಅಂಕಣಕ್ಕೆ ಪುಣೆಯ ಸದಸ್ಯರೊಬ್ಬರ ಮನೆಯಿಂದ ಬಂದ ಚಿತ್ರದಲ್ಲಿ ಏಳು ಜನರಿದ್ದಾರೆ. ಏಳೂ ಮೋರೆಗಳು ಹಳದಿ. ಮದುವೆಯ ಹಿಂದಿನ ದಿನ ವರನಿಗೆ ಅರಿಷಿಣ ಹಚ್ಚಿದ ಸಂಭ್ರಮ. ವರನ ತಮ್ಮ ಚಿತ್ರದ ಜೊತೆಗೆ ಅಡಿಬರಹವನ್ನೂ ತಾನೇ ಬರೆದು ಕಳಿಸಿದ್ದಾನೆ: ‘ಕಸಿನ್ಸ್ ಜೊತೆ ಹಲ್ದಿ ಮಜಾ’. ಹುಡುಗನ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಈ ಮಾತನ್ನು ಈ ವರ್ಷ ಮದುವೆಯಾದ ಯಾವ ಮನೆಯ ಚಿತ್ರದ ಕೆಳಗೆ ಅಂಟಿಸಿದರೂ ನಡೆದೀತು. ನಮ್ಮ ಕಚೇರಿಯಲ್ಲಿ ‘ವಿಷಯ: ಮೇಲಿನಂತೆ’ ಎಂದು ಬರೆದು ಕಡತವನ್ನು ಪಕ್ಕದ ಮೇಜಿಗೆ ತಳ್ಳುವ ಹಾಗಾಯಿತು.

ಅಡಿಬರಹದ ಮೊದಲ ಕೆಲಸ ಚಿತ್ರದಲ್ಲಿ ಯಾರು ಯಾರೆಂದು ತಿಳಿಸುವುದು. ಇಲ್ಲಿ ಮದುಮಗನೇ ಸಿಕ್ಕುವುದಿಲ್ಲ! ನಡುವೆ ಕುಳಿತವನೇ ವರನೆಂದು ಹೇಳೋಣವೆಂದರೆ ನಡುವೆ ಇಬ್ಬರು ಕುಳಿತಿದ್ದಾರೆ. ಇಬ್ಬರಿಗೂ ಒಂದೇ ತರದ ಮೀಸೆ, ಮೀಸೆಗೂ ಅರಿಷಿಣ. ಇಂಥ ಕಡೆ ಮುಖವನ್ನು ಬಿಟ್ಟು ಕಾಲನ್ನು ನೋಡಬೇಕು. ಈ ಮನೆಯ ಪದ್ಧತಿಯಲ್ಲಿ ಮುತ್ತೈದೆಯರು ಮಾವಿನ ಎಲೆಯನ್ನು ಅರಿಷಿಣದಲ್ಲಿ ಅದ್ದಿ ಮೊದಲು ಪಾದಕ್ಕೆ ಮುಟ್ಟಿಸಿ, ಆಮೇಲೆ ಮೊಣಕಾಲು, ಭುಜ, ಕೊನೆಗೆ ಹಣೆ, ಹೀಗೆ ಮೇಲಕ್ಕೆ ಬರುತ್ತಾರೆ. ಆದ್ದರಿಂದ ಶಾಸ್ತ್ರದ ಅರಿಷಿಣ ಕಾಲ್ಬೆರಳ ಸಂದಿಯಲ್ಲೂ ಇರುತ್ತದೆ. ಚೇಷ್ಟೆಯ ಅರಿಷಿಣಕ್ಕೆ ಅಷ್ಟು ಪುರುಸೊತ್ತು ಎಲ್ಲಿಯದು? ಅದು ಹಿಂದಿನಿಂದ ಬಂದು ಕಿವಿಯಿಂದ ಮೂಗಿನವರೆಗೆ ನಾಲ್ಕು ಬೆರಳಿನ ಗೆರೆ ಎಳೆದು ಓಡಿಹೋಗುತ್ತದೆ. ನಮ್ಮ ಚಿತ್ರದಲ್ಲಿ ಬಲಗಡೆಯ ಮೀಸೆಯವನ ಪಾದಗಳು ಹಳದಿಯಾಗಿವೆ. ಎಡಗಡೆಯವನ ಪಾದಗಳು ಸ್ವಚ್ಛ. ಮದುಮಗ ಸಿಕ್ಕ. ಇನ್ನೊಬ್ಬ ಅವನ ಸೋದರತ್ತೆಯ ಮಗ. ಮಣೆಯ ಪಕ್ಕದಲ್ಲಿ ಕುಳಿತ ತಪ್ಪಿಗೆ ಪ್ರಸಾದ ಪಡೆದವನು.

ಈ ಸೋದರತ್ತೆಯ ಮಗನನ್ನು ‘ಕಸಿನ್’ ಎಂದುಬಿಟ್ಟರೆ ಚಿತ್ರದ ಅರ್ಧ ರುಚಿ ಹೋಯಿತೆಂದೇ ತಿಳಿಯಿರಿ. ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಅಣ್ಣ ತಮ್ಮ, ಅಕ್ಕ ತಂಗಿ. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಬೇರೆ ಸಾಲು. ಎಷ್ಟೋ ಮನೆತನಗಳಲ್ಲಿ ಅವರೊಡನೆ ಮದುವೆಯ ಸಂಬಂಧವೂ ಕೂಡುತ್ತಿತ್ತು. ಆದ್ದರಿಂದಲೇ ಚೇಷ್ಟೆಯ ಸನದು ಅವರ ಕೈಯಲ್ಲಿ ಉಳಿಯಿತು. ಚಿತ್ರವನ್ನೇ ನೋಡಿ. ದೊಡ್ಡಪ್ಪನ ಮಗ ಅಣ್ಣನ ಗಾಂಭೀರ್ಯದಿಂದ ಅರಿಷಿಣದ ಬಟ್ಟಲು ಹಿಡಿದು ನಿಂತಿದ್ದಾನೆ. ಅವನ ಮೋರೆಗೆ ಹತ್ತಿದ್ದೂ ಎರಡು ಬೊಟ್ಟು ಮಾತ್ರ. ಮಾವನ ಮಗಳು ನಗುತ್ತ ಮದುಮಗನ ಬೆನ್ನ ಹಿಂದೆ ನಿಂತಿದ್ದಾಳೆ, ಒಂದು ಕೈ ಕಾಣುವುದಿಲ್ಲ. ಕಾಣದ ಆ ಕೈಯೇ ಈ ಚಿತ್ರದ ಕಥೆ. ಪಕ್ಕದಲ್ಲಿ ಬಾಯಿಗೆ ಸೆರಗು ಹಿಡಿದಿರುವ ಅತ್ತಿಗೆ ಅವಳ ಒಳಸಂಚುಗಾರ್ತಿ; ಅತ್ತಿಗೆಗೂ ಈ ದಿನ ಅದೇ ಸನದು ಉಂಟು.

ಇನ್ನು ಮುಂದಿನ ಸಾಲಿನ ಆರು ವರ್ಷದ ಹುಡುಗ, ವರನ ಅಕ್ಕನ ಮಗ. ಇವನ ಒಂದು ಗಲ್ಲ ಹಳದಿ, ಇನ್ನೊಂದು ಗಲ್ಲದ ಮೇಲೆ ಕೆಂಪಗೆ ಮೂರು ಬೆರಳಿನ ಗುರುತು. ಅಡಿಬರಹವಿಲ್ಲದೆ ನೋಡಿದವರು ಯಾರೋ ಕೂಸಿಗೆ ಕಪಾಳಕ್ಕೆ ಹೊಡೆದರೆಂದೇ ತಿಳಿದಾರು. ವಿಷಯ ಅದಲ್ಲ. ಪಕ್ಕದಲ್ಲಿರುವ ಅಜ್ಜ ಎಲೆಗೆ ಸುಣ್ಣ ಸವರಿ ಮುಗಿಸಿದ ಬೆರಳಿನಿಂದಲೇ ಮೊಮ್ಮಗನ ಗಲ್ಲ ಒರೆಸಿದ್ದಾರೆ. ಅರಿಷಿಣಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದು ನಮ್ಮ ಹೆಂಗಸರಿಗೆ ಹೊಸದಲ್ಲ. ಆರತಿಯ ಓಕುಳಿ ನೀರು ಹೀಗೇ ಆಗುವುದು, ಮನೆಯಲ್ಲಿ ಮಾಡುವ ಕುಂಕುಮಕ್ಕೂ ಇದೇ ಮೂಲ. ಬಟ್ಟೆಯ ಸಾಬೂನಿಗೂ ಸುಣ್ಣದ ಹಾಗೆ ಕ್ಷಾರಗುಣವಿರುವುದರಿಂದ, ಹುಡುಗನ ಬಿಳಿ ಅಂಗಿಯನ್ನು ಸಂಜೆ ಒಗೆಯಲು ಹಾಕಿದಾಗ ಹಳದಿ ಕಲೆಗಳೆಲ್ಲ ಕೆಂಪಾಗಿ ಅವನ ತಾಯಿ ಗಾಬರಿಯಾದರಂತೆ. ಚೆನ್ನಾಗಿ ಜಾಲಿಸಿದ ಮೇಲೆ ಕೆಂಪು ಹೋಗಿ ಹಳದಿ ಉಳಿಯಿತು. ಎರಡು ದಿನ ಬಿಸಿಲಿಗೆ ಹರವಿದ ಮೇಲೆ ಹಳದಿಯೂ ಮಾಸಿತು. ಅರಿಷಿಣದ ಬಣ್ಣಕ್ಕೆ ಬಿಸಿಲು ತಡೆಯುವುದಿಲ್ಲ. ಮನೆಯೊಳಗೆ ಮಡಿಚಿಟ್ಟಿದ್ದರೆ ಆ ಕಲೆ ಅಂಗಿಗಿಂತ ಹೆಚ್ಚು ಬಾಳುತ್ತಿತ್ತು.

ಕೀಟಲೆಯ ಮಾತು ಅಡಿಬರಹದಲ್ಲಿ ಇರಬೇಕು, ಸಂದೇಹವಿಲ್ಲ. ಆದರೆ ಎಂಥದು? ಹುಡುಗನ ಪತ್ರದಲ್ಲಿ ಇನ್ನೆರಡು ಮಾತುಗಳಿದ್ದವು. ‘ಅಣ್ಣ ಕಡೆಗೂ ಬೆಳ್ಳಗಾದ’ ಎಂಬುದು ಒಂದು. ‘ಮಾವನ ಮಗಳಿಗೆ ಛಾನ್ಸು ತಪ್ಪಿತು’ ಎಂಬುದು ಇನ್ನೊಂದು. ಎರಡನ್ನೂ ನಾನು ತೆಗೆದಿದ್ದೇನೆ. ಅರಿಷಿಣದ ಮೇಲೆ ನಗಬಹುದು, ಅದು ಮರುದಿನ ತೊಳೆದುಹೋಗುತ್ತದೆ. ಮೈಬಣ್ಣದ ಮೇಲೆ ನಕ್ಕದ್ದು ಬೀಗರ ಮನೆಯಲ್ಲಿ ತೊಳೆಯದೆ ಉಳಿಯುತ್ತದೆ. ಮಾವನ ಮಗಳಿಗೂ ನಾಳೆ ಮದುವೆಯಾಗಬೇಕು. ಆ ಮನೆಯವರೂ ನಮ್ಮ ಪತ್ರಿಕೆಯ ವಾಚಕರೇ ಇದ್ದಾರು. ಹುಡುಗ ಸಿಟ್ಟಾಗಬಾರದು.

ಇಷ್ಟು ಉದ್ದ ಬರೆಯಲು ಅದೇ ಲಕೋಟೆಯಲ್ಲಿದ್ದ ಇನ್ನೊಂದು ಚಿತ್ರವೇ ಕಾರಣ. ಅದು ಆ ಅಜ್ಜನ ಮದುವೆಯದು, 1962ರಲ್ಲಿ ಧಾರವಾಡದಲ್ಲಿ ತೆಗೆಸಿದ್ದು. ಕಪ್ಪುಬಿಳುಪು ಚಿತ್ರದಲ್ಲಿ ಅರಿಷಿಣಕ್ಕೆ ಬಣ್ಣವೇ ಇಲ್ಲ; ನಾಲ್ಕು ತರುಣ ಮೋರೆಗಳ ಮೇಲೆ ಬೂದುಬಣ್ಣದ ಪಟ್ಟೆ, ಕೆಸರು ಹತ್ತಿದ ಹಾಗೆ. ಹಿಂಬದಿಯಲ್ಲಿ ಒಂದಕ್ಷರವಿಲ್ಲ. ಅಜ್ಜ ತಮ್ಮನ್ನು, ತಮ್ಮ ಇಬ್ಬರು ಅತ್ತೆ ಮಕ್ಕಳನ್ನು ಗುರುತಿಸಿದರು. ನಾಲ್ಕನೆಯದಾಗಿ, ಅವರ ಕಿವಿ ಹಿಡಿದು ನಗುತ್ತಿರುವ ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿ, ‘ಭಾಳ ಗಟ್ಟಿಗಿತ್ತಿ ಇದ್ದಳಪಾ, ಹೆಸರು ನೆನಪಾಗವೊಲ್ದು’ ಎಂದರಂತೆ. ಹೇಳಬಲ್ಲವರು ಆ ಮನೆಯಲ್ಲಿ ಈಗ ಬೇರೆ ಯಾರೂ ಇಲ್ಲ. ಕಿವಿ ಹಿಡಿದಿದ್ದಾಳೆಂದ ಮೇಲೆ ಮಾವನ ಮಗಳೋ ಅತ್ತಿಗೆಯೋ ಇರಬೇಕೆಂದು ನಾವು ಊಹಿಸಬಹುದು, ಅಷ್ಟೆ.

ಆದ್ದರಿಂದ ಪುಣೆಯ ಚಿತ್ರಕ್ಕೆ ನಾನು ಬರೆದಿರುವುದು ಹೀಗಿದೆ. ಹೆಸರುಗಳನ್ನು ಮನೆಯವರು ತಮ್ಮ ಪ್ರತಿಯಲ್ಲಿ ತುಂಬಿಕೊಳ್ಳುತ್ತಾರೆ; ಅಚ್ಚಿನಲ್ಲಿ ಸಂಬಂಧಗಳಷ್ಟೇ ಇರಲೆಂದು ಅವರ ಅಪೇಕ್ಷೆ.

‘ಪುಣೆಯ ಮನೆಯ ಮಾಳಿಗೆಯ ಮೇಲೆ, ಮದುವೆಯ ಹಿಂದಿನ ದಿನ. ಕುಳಿತವರು, ಎಡದಿಂದ: ಸೋದರತ್ತೆಯ ಮಗ (ಮದುಮಗನೆಂದು ಮೋಸಹೋಗಬೇಡಿ, ಕಾಲು ನೋಡಿ); ಮದುಮಗ; ಅಕ್ಕನ ಮಗ (ಗಲ್ಲದ ಕೆಂಪು ಪೆಟ್ಟಿನದಲ್ಲ, ಅಜ್ಜನ ಸುಣ್ಣದ್ದು); ಆ ಸುಣ್ಣದ ಒಡೆಯರಾದ ಅಜ್ಜ. ನಿಂತವರು: ದೊಡ್ಡಪ್ಪನ ಮಗ, ಬಟ್ಟಲಿನ ಕಾವಲುಗಾರ, ಮಾವನ ಮಗಳು, ಬಟ್ಟಲು ಅರ್ಧ ಬರಿದಾದದ್ದು ಇವಳಿಂದ, ಅತ್ತಿಗೆ, ಕೇಳಿದರೆ ತನಗೇನೂ ಗೊತ್ತಿಲ್ಲವೆನ್ನುತ್ತಾರೆ.’