ಮೆಷಿನ್‌ಗೆ ಲೈಸೆನ್ಸ್ ಇದೆ, ಬಟನ್ ಒತ್ತುವ ಕೈಗೆ?

ಯಾವುದೇ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಿ, ‘ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡಲಾಗುವುದಿಲ್ಲ’ ಅನ್ನೋ ಬೋರ್ಡ್ ಕಣ್ಣಿಗೆ ಹೊಡೆಯುವ ಹಾಗೆ ಇರುತ್ತದೆ. ಅದು ಅಲ್ಟ್ರಾಸೌಂಡ್‌ಗೆ ಸಂಬಂಧಪಟ್ಟ 1994ರ ಕಾನೂನಿನ ಬೋರ್ಡ್. ಅಲ್ಟ್ರಾಸೌಂಡ್‌ನಲ್ಲಿ ವಿಕಿರಣ ಇಲ್ಲ, ಎಂಆರ್‌ಐಯಲ್ಲೂ ಇಲ್ಲ. ಇರೋದು ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಹೃದಯದ ಕ್ಯಾತ್ ಲ್ಯಾಬ್, ಇಂಥವುಗಳಲ್ಲಿ. ಅವುಗಳ ಮೇಲೂ ಒಂದು ಕಾನೂನಿದೆ, ಒಂದು ನಿಯಂತ್ರಣ ಮಂಡಳಿ ಇದೆ, ಒಂದು ನೋಂದಣಿ ಪತ್ರ ಇದೆ. ಆದರೆ ಅದನ್ನು ಕೇಳಿ ನೋಡಿದ ರೋಗಿಯನ್ನು ನಾನಂತೂ ಕಂಡಿಲ್ಲ.

ಆ ಪತ್ರ ಯಾರ ಹೆಸರಲ್ಲಿ ಇರುತ್ತದೆ ಅನ್ನೋದೇ ಈ ಬರಹದ ವಿಷಯ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದ್ರೆ ಎಇಆರ್‌ಬಿ, 1983ರಲ್ಲಿ ಶುರುವಾಯಿತು. 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ಸಿ.ಟಿ. ಮತ್ತು ಕ್ಯಾತ್ ಲ್ಯಾಬ್‌ಗೆ ಲೈಸೆನ್ಸ್ ಬೇಕು, ಸಾಮಾನ್ಯ ಎಕ್ಸ್‌ರೇಗೆ ನೋಂದಣಿ ಸಾಕು. ಅರ್ಜಿ ಹಾಕೋದು ಇ-ಲೋರಾ ಅನ್ನೋ ಪೋರ್ಟಲ್‌ನಲ್ಲಿ. ಕೋಣೆಯ ನಕ್ಷೆ, ಮೆಷಿನ್‌ನ ಟೈಪ್ ಅಪ್ರೂವಲ್, ಗುಣಮಟ್ಟ ಪರೀಕ್ಷೆಯ ವರದಿ, ಸಿಬ್ಬಂದಿಯ ವಿವರ ಎಲ್ಲ ಸೇರಿದ ಮೇಲೆ ಪತ್ರ ಬರುತ್ತದೆ. ಬರೋದು ಸಂಸ್ಥೆಗೆ, ಆ ಒಂದು ಮೆಷಿನ್‌ಗೆ. ದಿನಕ್ಕೆ ಐವತ್ತು ಸಲ ಬಟನ್ ಒತ್ತುವ ಟೆಕ್ನೀಷಿಯನ್‌ಗೆ ಎಇಆರ್‌ಬಿಯಿಂದ ತನ್ನದೇ ಅಂತ ಒಂದು ಲೈಸೆನ್ಸ್ ಇಲ್ಲ. ಆತನಿಗೆ ಅರ್ಹತೆ ಇರಬೇಕು ಅಂತ ನಿಯಮ ಹೇಳುತ್ತದೆ: ವಿಜ್ಞಾನದಲ್ಲಿ ಪಿಯುಸಿ, ಅದರ ಮೇಲೆ ರೇಡಿಯಾಗ್ರಫಿ ತರಬೇತಿ. ಆ ಅರ್ಹತೆಯನ್ನು ಪೋರ್ಟಲ್‌ನಲ್ಲಿ ತುಂಬುವವರು ಮಾತ್ರ ಆತನಿಗೆ ಸಂಬಳ ಕೊಡುವ ಸಂಸ್ಥೆಯವರೇ.

ಕಾರು ಓಡಿಸೋಕೆ ಆರ್.ಸಿ. ಬುಕ್ಕೂ ಬೇಕು, ಡ್ರೈವಿಂಗ್ ಲೈಸೆನ್ಸೂ ಬೇಕು. ಇಲ್ಲಿ ಆರ್.ಸಿ. ಮಾತ್ರ ಗಟ್ಟಿಯಾಗಿದೆ. ಡ್ರೈವರ್ ಬಗ್ಗೆ ಓನರ್ ಹೇಳಿದ್ದೇ ಸತ್ಯ.

ಇದರಿಂದ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡೋಣ, ನಾವು ಇಂಜಿನಿಯರಿಂಗ್‌ನವರಲ್ವಾ. ಎಕ್ಸ್‌ರೇ ಕಿರಣ ರೋಗಿಯ ಮೈಗೆ ಬಡಿದಾಗ ಒಂದಿಷ್ಟು ಅಕ್ಕಪಕ್ಕಕ್ಕೆ ಚದುರುತ್ತದೆ. ಟೆಕ್ನೀಷಿಯನ್‌ಗೆ ತಗಲುವುದು ಮುಖ್ಯವಾಗಿ ಈ ಚದುರಿದ ಕಿರಣವೇ. ಒಂದು ಒರಟು ಲೆಕ್ಕ ಇದೆ: ರೋಗಿಯ ಚರ್ಮದ ಮೇಲೆ ಬಿದ್ದ ಡೋಸಿನ ಸಾವಿರದಲ್ಲಿ ಒಂದು ಭಾಗದಷ್ಟು, ಒಂದು ಮೀಟರ್ ದೂರದಲ್ಲಿ ಪಕ್ಕಕ್ಕೆ ನಿಂತವರಿಗೆ ತಲುಪುತ್ತದೆ. ದೂರ ಎರಡು ಪಟ್ಟಾದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ, ಇದು ನಮಗೆ ಗೊತ್ತಿರೋ ವಿಲೋಮ ವರ್ಗ ನಿಯಮ.

ಎದೆಯ ಎಕ್ಸ್‌ರೇಗೆ ಚರ್ಮದ ಡೋಸ್ ಸುಮಾರು 0.2 ಮಿಲಿಗ್ರೇ ಅಂತ ಇಟ್ಕೊಳ್ಳಿ. ಒಂದು ಮೀಟರ್‌ನಲ್ಲಿ ನಿಂತವನಿಗೆ 0.2 ಮೈಕ್ರೋಗ್ರೇ. ದಿನಕ್ಕೆ ಇಪ್ಪತ್ತು ಫಿಲ್ಮ್, ವರ್ಷಕ್ಕೆ ಮುನ್ನೂರು ದಿನ ಅಂದರೆ ಆರು ಸಾವಿರ ಸಲ, ಒಟ್ಟು 1.2 ಮಿಲಿಸೀವರ್ಟ್. ಎಕ್ಸ್‌ರೇಯಲ್ಲಿ ಗ್ರೇ ಮತ್ತು ಸೀವರ್ಟ್ ಅನ್ನು ಸುಮಾರಾಗಿ ಒಂದೇ ಅಂತ ಹಿಡಿಯಬಹುದು. ಕೆಲಸಗಾರರ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಹಾಗಾಗಿ 1.2 ಅಂದ್ರೆ ಭಯಪಡುವಂಥದ್ದೇನಲ್ಲ. ‘ಏನೂ ಆಗಲ್ಲ ಬಿಡಿ ಸರ್’ ಅನ್ನೋ ಮಾತು ಹುಟ್ಟೋದೇ ಇಲ್ಲಿಂದ.

ಈಗ ಸೊಂಟದ ಪಕ್ಕದ ಎಕ್ಸ್‌ರೇ ತಗೊಳ್ಳಿ. ಕಿರಣ ದಪ್ಪ ಭಾಗ ದಾಟಬೇಕು, ಚರ್ಮದ ಡೋಸ್ ಸುಮಾರು 10 ಮಿಲಿಗ್ರೇ ತನಕ ಹೋಗಬಹುದು. ಒಂದು ಮೀಟರ್‌ನಲ್ಲಿ 10 ಮೈಕ್ರೋಗ್ರೇ. ದಿನಕ್ಕೆ ಹತ್ತೇ ಫಿಲ್ಮ್ ಅಂದ್ರೂ ವರ್ಷಕ್ಕೆ ಮೂರು ಸಾವಿರ, ಒಟ್ಟು 30 ಮಿಲಿಸೀವರ್ಟ್. ಒಂದು ವರ್ಷದ ಗರಿಷ್ಠ ಮಿತಿ ಅಲ್ಲಿಗೆ ಮುಗಿಯಿತು. ಅದೇ ಎರಡು ಮೀಟರ್ ದೂರಕ್ಕೆ ಸರಿದರೆ ಏಳೂವರೆ. ನಿಯಮದಲ್ಲಿ ಹೇಳಿದ 1.5 ಮಿಲಿಮೀಟರ್ ಸೀಸದ ತಡೆಗೋಡೆಯ ಹಿಂದೆ ನಿಂತರೆ ಹೆಚ್ಚುಕಡಿಮೆ ಸೊನ್ನೆ. ಒಂದೇ ಮೆಷಿನ್, ಒಂದೇ ಕೋಣೆ, ಅದೇ ರೋಗಿಗಳು. ಮೂವತ್ತಕ್ಕೂ ಸೊನ್ನೆಗೂ ನಡುವಿನ ವ್ಯತ್ಯಾಸ ಅಷ್ಟೂ ಆ ವ್ಯಕ್ತಿ ಎಲ್ಲಿ ನಿಂತ ಅನ್ನೋದರಲ್ಲಿದೆ. ನೋಂದಣಿ ಪತ್ರ ಮೆಷಿನ್ ಸರಿ ಇದೆ ಅಂತ ಹೇಳೀತು, ಮನುಷ್ಯ ಎಲ್ಲಿ ನಿಂತ ಅಂತ ಹೇಳೋಲ್ಲ.

ಹಾಗಾದ್ರೆ ಅದನ್ನು ಹೇಳೋದು ಯಾವುದು? ಬ್ಯಾಡ್ಜ್ ಅಂತ ಉತ್ತರ ಬರುತ್ತದೆ. ಟೆಕ್ನೀಷಿಯನ್‌ಗಳ ಎದೆ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಿರೋದನ್ನು ನೋಡಿರಬಹುದು, ಅದೇ ಟಿಎಲ್‌ಡಿ. ಒಳಗೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಬಿಲ್ಲೆಗಳು. ಒಂದರ ಮೇಲೆ ಲೋಹದ ಫಿಲ್ಟರ್, ಒಂದರ ಮೇಲೆ ಪ್ಲಾಸ್ಟಿಕ್, ಇನ್ನೊಂದು ಬಯಲಿಗೆ. ವಿಕಿರಣ ಬಿದ್ದಾಗ ಸ್ಫಟಿಕದೊಳಗೆ ಎಲೆಕ್ಟ್ರಾನುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಮೂರು ತಿಂಗಳಾದ ಮೇಲೆ ಲ್ಯಾಬಿನಲ್ಲಿ ಬಿಸಿ ಮಾಡಿದರೆ ಅವು ಬಿಡುಗಡೆಯಾಗಿ ಬೆಳಕು ಕೊಡುತ್ತವೆ, ಬೆಳಕಿನ ಪ್ರಮಾಣದಿಂದ ಡೋಸ್ ಗೊತ್ತಾಗುತ್ತದೆ. ಮೂರು ಬಿಲ್ಲೆಗಳ ಅನುಪಾತ ನೋಡಿ ಬಂದದ್ದು ಎಂಥ ಶಕ್ತಿಯ ಕಿರಣ ಅಂತಲೂ ಹೇಳಬಹುದು. ಸೊಗಸಾದ ಇಂಜಿನಿಯರಿಂಗ್, ಅದರಲ್ಲಿ ಎರಡು ಮಾತಿಲ್ಲ. ಸೀಸದ ಏಪ್ರನ್ ಹಾಕಿದ್ರೆ ಅದರ ಒಳಗೆ ಎದೆಯ ಮೇಲೆ ಇದನ್ನು ಹಾಕಬೇಕು. ಜೊತೆಗೆ ಯಾರೂ ಹಾಕಿಕೊಳ್ಳದ ಒಂದು ಕಂಟ್ರೋಲ್ ಬ್ಯಾಡ್ಜನ್ನು ವಿಕಿರಣ ಇಲ್ಲದ ಕಡೆ ಇಟ್ಟಿರಬೇಕು. ಊರಿನ ಸಹಜ ವಿಕಿರಣವನ್ನು ಕಳೆಯೋದಕ್ಕೆ ಅದು.

ತೊಂದರೆ ಇರೋದು ಫಲಿತಾಂಶ ಓದುವಾಗ. ಗೋಡೆ ಸರಿಯಾಗಿರೋ ಕೋಣೆಯಲ್ಲಿ, ತಡೆಗೋಡೆಯ ಹಿಂದೆ ನಿಂತು, ದಿನಾ ಬ್ಯಾಡ್ಜ್ ಹಾಕಿಕೊಂಡು ಕೆಲಸ ಮಾಡಿದವನ ರಿಪೋರ್ಟ್ ಸೊನ್ನೆ ಅಥವಾ ಅದರ ಹತ್ತಿರ ಬರುತ್ತದೆ. ಬ್ಯಾಡ್ಜನ್ನು ಮೂರು ತಿಂಗಳೂ ರಿಸೆಪ್ಷನ್‌ನ ಡ್ರಾಯರ್‌ನಲ್ಲಿ ಇಟ್ಟು, ರೋಗಿಯ ಪಕ್ಕದಲ್ಲೇ ನಿಂತು ಶೂಟ್ ಮಾಡಿದವನ ರಿಪೋರ್ಟೂ ಸೊನ್ನೆಯೇ. ಕಾಗದದ ಮೇಲೆ ಇಬ್ಬರೂ ಒಂದೇ. ಉಲ್ಟಾ ತಪ್ಪಾದರೆ ಬೇಗ ಸಿಕ್ಕಿಬೀಳುತ್ತದೆ: ಬ್ಯಾಡ್ಜ್ ಇರೋ ಕೋಟನ್ನು ಎಕ್ಸ್‌ರೇ ಕೋಣೆಯ ಒಳಗೇ ಮೊಳೆಗೆ ನೇತುಹಾಕಿದ್ರೆ ಮೂರು ತಿಂಗಳಲ್ಲಿ ದೊಡ್ಡ ಅಂಕಿ ಬರುತ್ತದೆ. 10 ಮಿಲಿಸೀವರ್ಟ್ ದಾಟಿದರೆ ವಿಚಾರಣೆ ಆಗುತ್ತದೆ. ಆಗ ಇದು ನಿಜವಾಗಿ ಮೈಗೆ ತಗುಲಿದ್ದಾ, ಬರೀ ಬ್ಯಾಡ್ಜಿಗೆ ತಗುಲಿದ್ದಾ ಅಂತ ಕೇಳುತ್ತಾರೆ. ಡೋಸ್ ತೀರಾ ಹೆಚ್ಚಿದ್ದರೆ ರಕ್ತ ತೆಗೆದು ಕ್ರೋಮೋಸೋಮ್ ಪರೀಕ್ಷೆಯನ್ನೂ ಮಾಡುತ್ತಾರೆ. ಅಂದರೆ ಅಸಡ್ಡೆಯಿಂದ ಹೆಚ್ಚು ಬಂದರೆ ಪ್ರಶ್ನೆ ಇದೆ, ಮೋಸದಿಂದ ಸೊನ್ನೆ ಬಂದರೆ ಇಲ್ಲ.

ಯಾಕೆ ಡ್ರಾಯರ್‌ನಲ್ಲಿ ಇಡ್ತಾರೆ? ‘ಕಳೆದುಹೋದ್ರೆ ನಮ್ಮ ಸಂಬಳದಲ್ಲಿ ಹಿಡೀತಾರೆ’ ಅಂತ ಒಬ್ಬರು ಹೇಳಿದ್ದನ್ನು ಕೇಳಿದ್ದೇನೆ. ‘ಜಾಸ್ತಿ ರೀಡಿಂಗ್ ಬಂದ್ರೆ ಮೇಡಂ ಬೈತಾರೆ’ ಅಂತ ಇನ್ನೊಬ್ಬರು. ಎರಡರಲ್ಲೂ ಬ್ಯಾಡ್ಜ್ ಟೆಕ್ನೀಷಿಯನ್‌ದಲ್ಲ, ಸೆಂಟರ್‌ನದು. ವಿಕಿರಣದ ಮಾಪಕ ಹೋಗಿ ಅದೊಂದು ಹಾಜರಿ ಪುಸ್ತಕ ಆಗಿಬಿಟ್ಟಿದೆ.

ಅದಕ್ಕೇ ನನ್ನ ವಾದ: ಲೈಸೆನ್ಸ್ ವ್ಯಕ್ತಿಯ ಹೆಸರಲ್ಲೂ ಇರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯಾಲಜಿ ಟೆಕ್ನಾಲಜಿಸ್ಟ್‌ಗೆ ರಾಜ್ಯವೇ ವೈಯಕ್ತಿಕ ಪ್ರಮಾಣಪತ್ರ ಕೊಡುತ್ತದೆ, ಅದಿಲ್ಲದೆ ಕೆಲಸ ಮಾಡುವಂತಿಲ್ಲ. ನಮ್ಮಲ್ಲೂ 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ರೇಡಿಯಾಲಜಿ ಮತ್ತು ಇಮೇಜಿಂಗ್ ವೃತ್ತಿಯನ್ನು ಹೆಸರಿಸಿ, ರಾಜ್ಯಮಟ್ಟದ ರಿಜಿಸ್ಟರ್ ಇರಬೇಕು ಅಂತ ಹೇಳಿದೆ. ಹಾಗಾಗಿ ಹೊಸ ಕಾನೂನೇನೂ ಬೇಕಿಲ್ಲ. ಆ ರಿಜಿಸ್ಟರ್‌ನ ನಂಬರ್ ಇಲ್ಲದೆ ಇ-ಲೋರಾದಲ್ಲಿ ಯಾರನ್ನೂ ಆಪರೇಟರ್ ಅಂತ ಸೇರಿಸೋಕೆ ಆಗಬಾರದು, ಅಷ್ಟೇ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳ್ಬೇಕಂದ್ರೆ ಎರಡು ಟೇಬಲ್‌ಗಳಿಗೆ ಒಂದು ಫಾರಿನ್ ಕೀ.

ಇದರಿಂದ ಬದಲಾಗೋದು ಏನು ಅಂತ ಕೇಳಬಹುದು. ಒಂದು ಮಗು ಅಳ್ತಾ ಒದ್ದಾಡ್ತಾ ಇದೆ, ‘ನೀನೇ ಹಿಡ್ಕೊಂಡು ಶೂಟ್ ಮಾಡಪ್ಪ’ ಅಂತ ಮೇಲಿನವರು ಹೇಳ್ತಾರೆ ಅಂದ್ಕೊಳ್ಳಿ. ಸಿಬ್ಬಂದಿ ರೋಗಿಯನ್ನು ಹಿಡಿಯೋದನ್ನು ರೂಢಿ ಮಾಡಿಕೊಳ್ಳಬಾರದು. ಕಟ್ಟುಪಟ್ಟಿ ಬಳಸಬೇಕು, ಆಗದಿದ್ರೆ ಮನೆಯವರಿಗೆ ಸೀಸದ ಏಪ್ರನ್ ಹಾಕಿಸಿ ಹಿಡಿಸಬೇಕು. ಇವತ್ತು ಟೆಕ್ನೀಷಿಯನ್ ಇದನ್ನು ಹೇಳಿದ್ರೆ ‘ನಾಳೆಯಿಂದ ಬರಬೇಡ’ ಅನ್ನಿಸಿಕೊಳ್ಳಬಹುದು. ‘ಹಾಗೆ ಮಾಡಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ ಸರ್’ ಅನ್ನೋ ಮಾತಿಗೆ ಬೇರೆಯೇ ತೂಕ ಇದೆ. ಡ್ರೈವರ್‌ಗೂ ಓನರ್‌ಗೂ ನಡುವೆ ಓವರ್‌ಲೋಡ್ ಜಗಳ ಬಂದಾಗ ಡಿಎಲ್ ಹೇಗೆ ಡ್ರೈವರ್ ಕೈ ಹಿಡಿಯುತ್ತದೋ ಹಾಗೆ.

ಇನ್ನೊಂದು, ಡೋಸಿನ ಚರಿತ್ರೆ. ಟಿಎಲ್‌ಡಿಯ ವೈಯಕ್ತಿಕ ಸಂಖ್ಯೆ ಒಬ್ಬನಿಗೆ ಒಂದೇ, ಜೀವನಪೂರ್ತಿ. ಕೆಲಸ ಬಿಡುವಾಗ ಡೋಸ್ ದಾಖಲೆ ಕೊಡೋದು ಮಾಲೀಕರ ಹೊಣೆ ಅಂತ 2004ರ ನಿಯಮವೇ ಹೇಳುತ್ತದೆ. ಆದರೆ ಹಳೇ ಸೆಂಟರ್ ಕೊಡದೆ, ಹೊಸ ಸೆಂಟರ್ ಕೇಳದೆ ಇದ್ರೆ ಹೊಸ ಸಂಖ್ಯೆಯಲ್ಲಿ ಸೊನ್ನೆಯಿಂದ ಮತ್ತೆ ಶುರು. ಐದು ವರ್ಷದ ಸರಾಸರಿ ಅನ್ನೋ ಮಿತಿಗೆ ಆಗ ಅರ್ಥವೇ ಇರೋಲ್ಲ. ವ್ಯಕ್ತಿಯ ಲೈಸೆನ್ಸ್‌ಗೆ ಆ ಸಂಖ್ಯೆ ಅಂಟಿಕೊಂಡಿದ್ದರೆ ಚರಿತ್ರೆ ಅವನ ಜೊತೆಗೇ ಹೋಗುತ್ತದೆ.

ವಿರುದ್ಧದ ವಾದವೂ ಸುಳ್ಳಲ್ಲ. ತಾಲ್ಲೂಕು ಕೇಂದ್ರದ ಸಣ್ಣ ಕ್ಲಿನಿಕ್‌ನಲ್ಲಿ ಹತ್ತು ವರ್ಷದಿಂದ ನೋಡಿ ಕಲಿತು ಕೆಲಸ ಮಾಡ್ತಿರೋರು ಇದ್ದಾರೆ. ನಾಳೆಯೇ ಅವರನ್ನು ಹೊರಗೆ ಹಾಕಿದ್ರೆ ಮೂಳೆ ಮುರಿದವರು ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಅವರಿಗೆ ಗಡುವು ಕೊಟ್ಟು, ಪ್ರಾಯೋಗಿಕ ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡಲಿ, ನನಗೆ ಆಕ್ಷೇಪ ಇಲ್ಲ. ‘ಮೊದಲು ಮೆಷಿನ್‌ಗಳನ್ನೇ ಪೂರ್ತಿ ನೋಂದಾಯಿಸಿ, ಆಮೇಲೆ ಮನುಷ್ಯರು’ ಅನ್ನೋ ವಾದ ಇನ್ನೂ ಗಟ್ಟಿಯದು. 2012ರ ಸಿಎಜಿ ವರದಿ ಪ್ರಕಾರ ಆಗ ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ನೋಂದಣಿ ಇದ್ದದ್ದು 5,270ಕ್ಕೆ ಮಾತ್ರ. ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ನಿಜ. ಆದರೆ ಮೆಷಿನ್ ಹುಡುಕಿಕೊಂಡು ಇನ್‌ಸ್ಪೆಕ್ಟರ್ ಊರೂರು ತಿರುಗಬೇಕು. ಲೈಸೆನ್ಸ್ ಇರೋ ಟೆಕ್ನೀಷಿಯನ್ ಆದರೆ ನೋಂದಣಿ ಇಲ್ಲದ ಮೆಷಿನ್ ಮುಂದೆ ತಾನಾಗೇ ನಿಲ್ಲೋದಿಲ್ಲ, ಯಾಕಂದ್ರೆ ಕಳ್ಕೊಳ್ಳೋದು ಅವನದು. ಮೆಷಿನ್ ನೋಂದಣಿಗೂ ಇದರಿಂದ ಸಹಾಯವೇ ಆಗುತ್ತದೆ.

ನಮ್ಮಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನವರು, ಇಸಿಯವರು ಕೆಲವರು ಈ ಮೆಷಿನ್‌ಗಳ ಸರ್ವೀಸ್ ಇಂಜಿನಿಯರ್ ಆಗಿ ಹೋಗ್ತಾರೆ. ಟ್ಯೂಬ್ ಬದಲಾಯಿಸಿದ ಮೇಲೆ ಟೆಸ್ಟ್ ಎಕ್ಸ್‌ಪೋಷರ್ ಕೊಡೋರು ನೀವೇ, ಬ್ಯಾಡ್ಜ್ ನಿಮಗೂ ಬೇಕು. ಕಂಪನಿ ಸೇರಿದ ದಿನ ಎಚ್‌ಆರ್ ಹತ್ತಿರ ಲ್ಯಾಪ್‌ಟಾಪ್ ಕೇಳೋ ಮೊದಲು ನಿಮ್ಮ ಟಿಎಲ್‌ಡಿ ಸಂಖ್ಯೆ ಕೇಳಿ. ಎರಡು ವರ್ಷಕ್ಕೊಮ್ಮೆ ಮಾಡಬೇಕಾದ ಗುಣಮಟ್ಟ ಪರೀಕ್ಷೆಗೆ ಹೋದರೆ, ಕೆವಿ, ಟೈಮರ್ ಎಲ್ಲ ಅಳೆದು ಮುಗಿದ ಮೇಲೆ ಬಟನ್‌ನ ಕೇಬಲ್ ತಡೆಗೋಡೆಯ ಹಿಂದಿನ ತನಕ ಬರುತ್ತಾ ಅಂತ ಒಮ್ಮೆ ಎಳೆದು ನೋಡಿ. ಬರದಿದ್ದರೆ, ಅಲ್ಲಿನ ಬ್ಯಾಡ್ಜ್ ರಿಪೋರ್ಟ್ ಸೊನ್ನೆ ಇದೆಯಾ ಅಂತಲೂ ಕೇಳಿ.